ಸೋಪು ಮಾಡುವವರು ಗಿರಾಕಿಯನ್ನು ಆರಿಸುವುದು ಹೇಗೆ: ಮಾರುಕಟ್ಟೆ ವಿಂಗಡಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕ ಸೋಪು ಘಟಕ ನಡೆಸುತ್ತಿರುವವರು ಮತ್ತು ಶುರು ಮಾಡಬೇಕೆಂದಿರುವವರು ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಲೆಕ್ಕ ಬೇಕಾದ ಕಡೆಯೆಲ್ಲ ಒಂದೇ ಘಟಕವನ್ನು ಉದಾಹರಣೆಯಾಗಿ ಹಿಡಿದಿದ್ದೇವೆ. ಅದು ಹೊಸಕೋಟೆಯಲ್ಲಿದೆ, ಇಬ್ಬರು ಕೆಲಸ ಮಾಡುತ್ತಾರೆ, ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದ ಕೋಲ್ಡ್ ಪ್ರೊಸೆಸ್‌ನಲ್ಲಿ ತಿಂಗಳಿಗೆ 100 ಗ್ರಾಮಿನ 1500 ಸೋಪು ತೆಗೆಯಬಲ್ಲರು ಎಂದುಕೊಳ್ಳಿ. ಒಂದು ಸೋಪಿಗೆ ಎಣ್ಣೆ, ಕೂಲಿ, ಕಾಗದ ಎಲ್ಲ ಸೇರಿ 45 ರೂಪಾಯಿ. ಬಾಡಿಗೆ, ಕರೆಂಟು, ಸಾಲದ ಕಂತು ಸೇರಿ ತಿಂಗಳ ಸ್ಥಿರ ಖರ್ಚು 25,000. ಇವೆಲ್ಲ ಲೆಕ್ಕಕ್ಕಾಗಿ ಹಿಡಿದ ಅಂಕಿಗಳು, ತೆರಿಗೆ ಸೇರಿಸಿಲ್ಲ. ನಿಮ್ಮ ಅಂಕಿ ಹಾಕಿ ನೋಡಿಕೊಳ್ಳಿ.

## ಮೊದಲ ಪಾಠ

ಸೋಪು ಎಲ್ಲರೂ ಹಚ್ಚುತ್ತಾರೆ. ಗಿರಾಕಿಯನ್ನು ಆರಿಸುವುದು ಯಾಕೆ?

ಎಲ್ಲರೂ ಸೋಪು ಹಚ್ಚುತ್ತಾರೆ ನಿಜ, ಆದರೆ ಎಲ್ಲರಿಗೂ ಈಗಾಗಲೇ ಒಂದು ಸೋಪಿದೆ. ಮನೆಯ ದಿನಸಿ ಚೀಟಿಯಲ್ಲಿ ಅದರ ಹೆಸರು ಯೋಚನೆ ಮಾಡದೇ ಬರೆದುಹೋಗುತ್ತದೆ. ಆ ಹೆಸರನ್ನು ಹೊಡೆದು ನಿಮ್ಮದನ್ನು ಬರೆಯಬೇಕೆಂದರೆ ಇರುವ ಸೋಪು ಎಲ್ಲಾದರೂ ಕೈಕೊಟ್ಟಿರಬೇಕು: ನೊರೆ ಬರುತ್ತಿಲ್ಲ, ಮೈ ಬಿಗಿಯುತ್ತದೆ, ವಾಸನೆ ತಲೆನೋವು ತರಿಸುತ್ತದೆ, ಉಡುಗೊರೆ ಕೊಡಲು ಸಾಧಾರಣವಾಗಿ ಕಾಣುತ್ತದೆ. ಈ ತಕರಾರುಗಳು ಒಬ್ಬೊಬ್ಬರದು ಒಂದೊಂದು, ಒಂದೇ ಸೋಪು ಎಲ್ಲಕ್ಕೂ ಉತ್ತರ ಕೊಡಲಾರದು.

ಬೆಲೆಯ ಕಾರಣವೂ ಇದೆ. ದೊಡ್ಡ ಕಾರ್ಖಾನೆಯ ಸೋಪು ಅಂಗಡಿಯಲ್ಲಿ ಮಾರಾಟವಾಗುವ ದರಕ್ಕೆ ನಿಮಗೆ ಸೋಪು ಮಾಡಲೂ ಆಗುವುದಿಲ್ಲ. ಹಾಗಾಗಿ ಬೆಲೆ ನೋಡಿ ಕೊಳ್ಳುವ ಬಹುಪಾಲು ಜನ ಮೊದಲ ದಿನವೇ ನಿಮ್ಮ ಲೆಕ್ಕದಿಂದ ಹೊರಗೆ. ಉಳಿದವರಲ್ಲಿ ಯಾರು ಎನ್ನುವುದೇ ಪ್ರಶ್ನೆ.

ಸೆಗ್ಮೆಂಟೇಶನ್, ಟಾರ್ಗೆಟಿಂಗ್ ಎರಡೂ ಒಂದೇ ಅಲ್ವಾ?

ಅಲ್ಲ. ಕೊಳ್ಳುವವರನ್ನು ಅವರ ಅಗತ್ಯ ಮತ್ತು ನಡವಳಿಕೆ ನೋಡಿ ಗುಂಪು ಮಾಡುವುದು ವಿಂಗಡಣೆ, ಅಂದರೆ ಸೆಗ್ಮೆಂಟೇಶನ್. ಆ ಗುಂಪುಗಳಲ್ಲಿ ಯಾವುದಕ್ಕೆ ನಮ್ಮ ದುಡ್ಡು, ಸಮಯ, ರ್‍ಯಾಕಿನ ಜಾಗ ಕೊಡಬೇಕು ಎಂದು ತೀರ್ಮಾನಿಸುವುದು ಟಾರ್ಗೆಟಿಂಗ್. ಮೊದಲನೆಯದು ಹೊರಗಿನ ಲೋಕವನ್ನು ನೋಡುವ ಕೆಲಸ. ಎರಡನೆಯದಕ್ಕೆ ನಿಮ್ಮ ಘಟಕವನ್ನು ನೋಡಿಕೊಳ್ಳಬೇಕು. ಒಂದೇ ಊರಿನ ಇಬ್ಬರು ಸೋಪಿನವರು ಅದೇ ಗುಂಪುಗಳನ್ನು ಕಂಡು, ಬೇರೆ ಬೇರೆ ಗುಂಪನ್ನು ಆರಿಸಿಕೊಂಡರೆ ಇಬ್ಬರದೂ ಸರಿಯಿರಬಹುದು.

"25ರಿಂದ 40 ವರ್ಷದ, ನಗರದ, ಮಧ್ಯಮ ವರ್ಗದ ಮಹಿಳೆಯರು" ಅಂತ ಬರೆದುಕೊಂಡಿದ್ದೀನಿ. ಸಾಕಾ?

ಸಾಲದು. ಪಕ್ಕಪಕ್ಕದ ಎರಡು ಫ್ಲಾಟಿನಲ್ಲಿ 32 ವರ್ಷದ ಇಬ್ಬರಿದ್ದಾರೆ, ಸಂಬಳವೂ ಒಂದೇ ಎಂದುಕೊಳ್ಳಿ. ಒಬ್ಬರು ತಿಂಗಳ ಸಾಮಾನಿನ ಜೊತೆ ಮೂರು ಕೊಂಡರೆ ಒಂದು ಉಚಿತ ಇರುವ ಸೋಪು ತರುತ್ತಾರೆ, ಬ್ರಾಂಡ್ ಯಾವುದಾದರೂ ಸರಿ. ಇನ್ನೊಬ್ಬರು ಸ್ನಾನವಾದ ಮೇಲೆ ಕಾಲು ಬಿಳಿಚಿಕೊಳ್ಳುತ್ತದೆ ಎಂದು ಆರು ತಿಂಗಳಲ್ಲಿ ನಾಲ್ಕು ಸೋಪು ಬದಲಿಸಿದ್ದಾರೆ. ವಯಸ್ಸು, ಲಿಂಗ, ಆದಾಯದ ಪಟ್ಟಿಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಬೀಳುತ್ತಾರೆ. ನಿಮ್ಮ ಸೋಪು ಕೊಳ್ಳುವುದು ಎರಡನೆಯವರು ಮಾತ್ರ.

ಅಗತ್ಯದಿಂದ ಶುರು ಮಾಡಿ, ಆ ಅಗತ್ಯ ಇರುವವರು ಎಲ್ಲಿ ಸಿಗುತ್ತಾರೆ ಎಂದು ಹುಡುಕುವಾಗ ವಯಸ್ಸು, ಊರು, ಆದಾಯವನ್ನು ಬಳಸಿ. ಗುಂಪಿನ ವಿವರ "ಯಾವ ಸಂದರ್ಭದಲ್ಲಿ, ಯಾವ ತೊಂದರೆಗೆ, ಈಗ ಏನು ಮಾಡುತ್ತಿದ್ದಾರೆ" ಎಂಬ ಮೂರಕ್ಕೂ ಉತ್ತರ ಕೊಡಬೇಕು. ಉದಾಹರಣೆಗೆ: "ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟಿನಲ್ಲಿದ್ದಾರೆ, ಸ್ನಾನದ ನಂತರ ಮೈ ಒಣಗುತ್ತದೆ, ಈಗ ಸೋಪಿನ ಜೊತೆ ಲೋಶನ್ನಿಗೂ ಖರ್ಚು ಮಾಡುತ್ತಿದ್ದಾರೆ." ಇದನ್ನು ಓದಿದವರು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂದು ಊಹಿಸಬಲ್ಲರು.

ದೊಡ್ಡ ಸೋಪು ಕಂಪನಿಗಳು ಇದನ್ನು ಹೇಗೆ ಮಾಡಿವೆ?

ಕಲಿಯಲು ಲೈಫ್‌ಬಾಯ್ ಒಳ್ಳೆಯ ಪಾಠ. 1895ರಿಂದ ಇಂಡಿಯಾದಲ್ಲಿದ್ದ ಈ ಸೋಪು ಬಹುಕಾಲ ಕೆಂಪು ಇಟ್ಟಿಗೆಯಂತೆ ಗಟ್ಟಿಯಾಗಿ, ಕಾರ್ಬಾಲಿಕ್ ವಾಸನೆಯದಾಗಿತ್ತು. ಜಾಹೀರಾತಿನಲ್ಲಿ ಆಟವಾಡಿ ಬೆವರಿದ ಗಂಡಸರು ಇರುತ್ತಿದ್ದರು. 2002ರಲ್ಲಿ ಕಂಪನಿ ಕಾರ್ಬಾಲಿಕ್ ಬಿಟ್ಟು ಹೊಸ ಮಿಶ್ರಣ, ಹೊಸ ಪರಿಮಳ ತಂದಿತು, ಮನೆಮಂದಿಯ ಆರೋಗ್ಯ ನೋಡಿಕೊಳ್ಳುವ ತಾಯಿಯತ್ತ ತಿರುಗಿತು. ಇಲ್ಲಿ ಗಮನಿಸಬೇಕಾದ್ದು ಸೋಪೇ ಬದಲಾಯಿತು ಎನ್ನುವುದು. ಹಳೆಯ ವಾಸನೆಯನ್ನು ಹಾಗೇ ಇಟ್ಟುಕೊಂಡು ಜಾಹೀರಾತಿನಲ್ಲಿ ತಾಯಿ ಮಗುವನ್ನು ಕೂರಿಸಿದ್ದರೆ ಮೊದಲ ಸ್ನಾನದಲ್ಲೇ ಗುಟ್ಟು ರಟ್ಟಾಗುತ್ತಿತ್ತು.

ಸಂತೂರಿನ ಕತೆ ಇದಕ್ಕೆ ಪೂರಕ. ವಿಪ್ರೋ ಅದನ್ನು 1980ರ ದಶಕದಲ್ಲಿ ಗಂಧ ಮತ್ತು ಅರಿಶಿನದ ಸೋಪೆಂದು ತಂದಿತು. ಆಮೇಲೆ ಅದೇ ಪದಾರ್ಥಗಳನ್ನು ಇಟ್ಟುಕೊಂಡು, ಮಾತನ್ನು "ವಯಸ್ಸು ಕಾಣದ ತ್ವಚೆ"ಯ ಕಡೆಗೆ ತಿರುಗಿಸಿತು. ಕಾಲೇಜು ಹುಡುಗಿ ಎಂದುಕೊಂಡವಳು ಮಗುವಿನ ತಾಯಿ ಎಂದು ತಿಳಿಯುವ ಜಾಹೀರಾತು ಎಲ್ಲರಿಗೂ ನೆನಪಿದೆ. ಪದಾರ್ಥ ಇಷ್ಟಪಡುವವರ ಗುಂಪಿನಿಂದ ಒಂದು ಆಸೆ ಇರುವವರ ಗುಂಪಿಗೆ ಹೋದದ್ದು ಇದು.

ನಮ್ಮದೇ ಮೈಸೂರ್ ಸ್ಯಾಂಡಲ್‌ಗೆ ಬೇರೆ ಬಗೆಯ ಪ್ರಶ್ನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯಿಂದ ಶುರುವಾದ ಈ ಹೆಸರಿಗೆ ಕನ್ನಡ ನಾಡಿನಲ್ಲಿ ಪರಿಚಯ ಬೇಕಿಲ್ಲ. 2025ರಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ಕನ್ನಡದ ನಟಿಯರು ಇರಲಿಲ್ಲವೇ ಎಂಬ ಆಕ್ಷೇಪ ಬಂತು. ರಾಜ್ಯದ ಆಚೆಯ ಮಾರುಕಟ್ಟೆ ಹಿಡಿಯಲು ಎಂದು ಸರ್ಕಾರ ವಿವರಣೆ ಕೊಟ್ಟಿತು. ಜಗಳ ನೋಡಲು ಭಾಷೆಯದು, ಒಳಗೆ ಟಾರ್ಗೆಟಿಂಗಿನದು: ಈಗಿರುವ ಗಿರಾಕಿಗೆ ಮಾತಾಡಬೇಕೋ, ಇನ್ನೂ ಬರದ ಗಿರಾಕಿಗೋ?

## ಗುಂಪು ಹುಡುಕುವುದು

ಸರ್ವೇ ಮಾಡಿಸೋಕೆ ದುಡ್ಡಿಲ್ಲ. ಗುಂಪುಗಳು ಇವೆ ಅಂತ ಹೇಗೆ ಕಂಡುಹಿಡಿಯಲಿ?

ಹದಿನೈದಿಪ್ಪತ್ತು ಜನರ ಜೊತೆ ತಲಾ ಇಪ್ಪತ್ತು ನಿಮಿಷ ಕೂತು ಮಾತಾಡಿದರೆ ಈ ಹಂತಕ್ಕೆ ಸಾಕು. ನೆಂಟರು, ಗೆಳೆಯರು ಬೇಡ, ಅವರು ನಿಮ್ಮ ಮುಖ ನೋಡಿ ಉತ್ತರ ಕೊಡುತ್ತಾರೆ. ಸೋಪನ್ನು ಜೊತೆಗೆ ಒಯ್ಯಬೇಡಿ, ಸೋಪು ಮಾಡುತ್ತೀರೆಂದು ಮೊದಲೇ ಹೇಳಲೂ ಬೇಡಿ.

"ಕೈಯಲ್ಲಿ ಮಾಡಿದ ಸೋಪು ಸಿಕ್ಕರೆ ತಗೋತೀರಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಆ ಹೂಂಗೆ ಬೆಲೆಯಿಲ್ಲ. ನಡೆದುಹೋದದ್ದನ್ನು ಕೇಳಿ. ಈಗ ಬಚ್ಚಲಲ್ಲಿ ಯಾವ ಸೋಪಿದೆ? ಅದನ್ನು ತಂದದ್ದು ಯಾರು, ಎಲ್ಲಿಂದ? ಅದಕ್ಕೂ ಮೊದಲು ಯಾವುದಿತ್ತು, ಯಾಕೆ ಬಿಟ್ಟಿರಿ? ಮನೆಯಲ್ಲಿ ಎಲ್ಲರಿಗೂ ಒಂದೇ ಸೋಪಾ? ಸೋಪಿಗೆ ಇದುವರೆಗೆ ಕೊಟ್ಟ ಅತಿ ಹೆಚ್ಚು ದುಡ್ಡು ಎಷ್ಟು, ಯಾವ ಕಾರಣಕ್ಕೆ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಬಲು ಉಪಯೋಗದ್ದು. ದುಬಾರಿ ಸೋಪು ಕೊಂಡವರು ಬಹುತೇಕ ಒಂದು ತೊಂದರೆಗೆ ಇಲ್ಲವೇ ಒಂದು ಸಂದರ್ಭಕ್ಕೆ ಕೊಂಡಿರುತ್ತಾರೆ.

ಒಬ್ಬೊಬ್ಬರ ಉತ್ತರವನ್ನು ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಹರಡಿ. ಸೋಪು ಬದಲಿಸಿದ ಕಾರಣ ಒಂದೇ ಇರುವ ಚೀಟಿಗಳನ್ನು ಒಟ್ಟಿಗೆ ಇಡಿ. ಮೂರೋ ನಾಲ್ಕೋ ರಾಶಿ ಆಗುತ್ತವೆ, ಕೆಲವು ಯಾವುದಕ್ಕೂ ಸೇರದೆ ಉಳಿಯುತ್ತವೆ. ಉಳಿದವನ್ನು ತುರುಕಿ ಸೇರಿಸಬೇಡಿ. ಹೊಸ ಚೀಟಿಗಳು ಹಳೆಯ ರಾಶಿಗಳಲ್ಲೇ ಬೀಳತೊಡಗಿದಾಗ ಮಾತು ನಿಲ್ಲಿಸಬಹುದು.

ಗಡಸು ನೀರಿನವರು ಅನ್ನೋದು ನಿಜವಾದ ಸೆಗ್ಮೆಂಟಾ? ಎಲ್ಲ ಮನೆಯಲ್ಲೂ ಏನೋ ಒಂದು ನೀರು ಇದ್ದೇ ಇರುತ್ತಲ್ಲ?

ನಿಜವಾದದ್ದೇ, ಯಾಕೆಂದರೆ ನೀರು ಬದಲಾದರೆ ಅದೇ ಸೋಪು ಬೇರೆ ತರಹ ಕೆಲಸ ಮಾಡುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ. ಆ ಜಿಡ್ಡು ಕಟ್ಟುವುದಕ್ಕೇ ಒಂದಷ್ಟು ಸೋಪು ವ್ಯರ್ಥ, ನೊರೆ ಏಳುವುದು ಅದಾದ ಮೇಲೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪಟ್ಟೆ, ಮೈಮೇಲೆ ಅಂಟಿದಂತಹ ಭಾವ, ಕೂದಲು ಒರಟು, ಬೇಗ ಸವೆಯುವ ಸೋಪು ಇದರ ಗುರುತು. ಬೆಂಗಳೂರಿನಲ್ಲೇ ಕಾವೇರಿ ನೀರು ಬರುವ ಬಡಾವಣೆಯಿಂದ ವೈಟ್‌ಫೀಲ್ಡ್ ಕಡೆಯ ಬೋರ್‌ವೆಲ್ ಅಪಾರ್ಟ್‌ಮೆಂಟಿಗೆ ಮನೆ ಬದಲಿಸಿದವರು ಮೊದಲ ವಾರವೇ ಈ ವ್ಯತ್ಯಾಸ ಹೇಳುತ್ತಾರೆ.

ಒಂದು ಗುಂಪು ಕೆಲಸಕ್ಕೆ ಬರುತ್ತದೋ ಇಲ್ಲವೋ ತಿಳಿಯಲು ಮೂರು ವಿಷಯ ನೋಡಿ. ಗುರುತಿಸಲು ಆಗಬೇಕು: ನೀರಿನ ಗಡಸುತನವನ್ನು ಕಡಿಮೆ ಬೆಲೆಯ ಪರೀಕ್ಷಾ ಪಟ್ಟಿಯಿಂದ ನಲ್ಲಿಯಲ್ಲೇ ಅಳೆಯಬಹುದು. ಕುಡಿಯುವ ನೀರಿಗೆ ಬಿಐಎಸ್ ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ. ತಲುಪಲು ಆಗಬೇಕು: ನೀರು ಒಂದೊಂದು ಮನೆಗೆ ಒಂದೊಂದು ತರಹ ಬರುವುದಿಲ್ಲ, ಇಡೀ ಕಟ್ಟಡಕ್ಕೆ ಒಂದೇ ಸಂಪು. ಒಂದು ಗೇಟು ಹಿಡಿದರೆ 150 ಮನೆ ಸಿಗುತ್ತವೆ. ಇನ್ನು, ಇವರು ಬೇರೆಯಾಗಿ ಕೊಳ್ಳಬೇಕು: ಈಗಾಗಲೇ ಶವರ್ ಫಿಲ್ಟರ್, ಲೋಶನ್ ಎಂದು ದುಡ್ಡು ಹಾಕುತ್ತಿದ್ದರೆ ತೊಂದರೆ ಬಾಯಿಮಾತಿನದಲ್ಲ.

ಎಚ್ಚರಿಕೆಯೊಂದಿದೆ. ಕಟ್ಟಡಕ್ಕೇ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಕೂರಿಸಿದ್ದರೆ ಅಲ್ಲಿನವರು ಈ ಗುಂಪಿಗೆ ಸೇರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗದು, ಮೇಂಟೆನೆನ್ಸ್ ನೋಡಿಕೊಳ್ಳುವವರನ್ನು ಕೇಳಬೇಕು.

## ಆರಿಸುವುದು

ಮೂರು ಗುಂಪು ಸಿಕ್ಕಿವೆ: ಗಡಸು ನೀರಿನ ಮನೆಗಳು, ಮದುವೆ ಗೃಹಪ್ರವೇಶಕ್ಕೆ ರಿಟರ್ನ್ ಗಿಫ್ಟ್ ಕೊಡೋರು, ಹೋಂಸ್ಟೇಗಳು. ಯಾವುದು ಹಿಡಿಯಲಿ?

ಮೂರಕ್ಕೂ ಒಂದೊಂದು ಮಾರಾಟದ ಲೆಕ್ಕ ಹಾಕೋಣ.

ಗಡಸು ನೀರಿನ ಮನೆಗೆ ನಾಲ್ಕು ಸೋಪಿನ ಕಟ್ಟು 440 ರೂಪಾಯಿ. ಸೋಪಿನ ಖರ್ಚು 180, ಕೊರಿಯರ್ ಮತ್ತು ಡಬ್ಬ 80, ಪಾವತಿಯ ಕಮಿಷನ್ 10. ಉಳಿಯುವುದು 170, ಅಂದರೆ ಸೋಪಿಗೆ 42.50. ರಿಟರ್ನ್ ಗಿಫ್ಟಿಗೆ 50 ಗ್ರಾಮಿನ ಸೋಪು ಚಿಕ್ಕ ಪೆಟ್ಟಿಗೆಯಲ್ಲಿ 55 ರೂಪಾಯಿ, ಖರ್ಚು 28, ಉಳಿಯುವುದು 27. ಹೋಂಸ್ಟೇಗೆ 20 ಗ್ರಾಮಿನ ಸೋಪು 14 ರೂಪಾಯಿ, ಖರ್ಚು 11, ಉಳಿಯುವುದು 3.

ಕಿಲೋ ಲೆಕ್ಕದಲ್ಲಿ ನೋಡಿದರೆ ಗಿಫ್ಟೇ ಗೆಲ್ಲುತ್ತದೆ: ಕಿಲೋಗೆ 540. ಗಡಸು ನೀರು 425, ಹೋಂಸ್ಟೇ 150. ಬಹಳ ಜನ ಇಲ್ಲಿಗೇ ನಿಲ್ಲಿಸಿ ಗಿಫ್ಟ್ ಪೆಟ್ಟಿಗೆ ಮುದ್ರಿಸಲು ಕೊಟ್ಟುಬಿಡುತ್ತಾರೆ. ಆದರೆ ಇಬ್ಬರೇ ಇರುವ ಘಟಕದಲ್ಲಿ ಎಣ್ಣೆಗಿಂತ ಮೊದಲು ತೀರಿಹೋಗುವುದು ಕೈಗೆಲಸದ ಗಂಟೆ. ಸೋಪು 20 ಗ್ರಾಮಿದ್ದರೂ 100 ಗ್ರಾಮಿದ್ದರೂ ಕಾಗದ ಸುತ್ತಲು ಹಿಡಿಯುವ ಹೊತ್ತು ಒಂದೇ. ಗಂಟೆಗೆ 40 ಸೋಪು ಸುತ್ತಬಹುದು, ರಿಬ್ಬನ್ ಕಟ್ಟಿ ಪೆಟ್ಟಿಗೆಗೆ ಹಾಕುವುದಾದರೆ 25 ಎಂದಿಟ್ಟುಕೊಳ್ಳಿ. ಆಗ ಸುತ್ತುವ ಒಂದು ಗಂಟೆಗೆ ಗಡಸು ನೀರಿನ ಸೋಪು 1700 ತರುತ್ತದೆ, ಗಿಫ್ಟ್ 675, ಹೋಂಸ್ಟೇ 120. ಮೊದಲ ಎರಡರ ಕ್ರಮವೇ ತಲೆಕೆಳಗಾಯಿತು. ನಿಮ್ಮಲ್ಲಿ ಯಾವುದು ಕಡಿಮೆಯಿದೆಯೋ ಅದರ ಮೇಲೆ ಲಾಭವನ್ನು ಭಾಗಿಸಿ ನೋಡಬೇಕು. ಸುತ್ತುವ ಯಂತ್ರ ಇದ್ದು ರ್‍ಯಾಕಿನ ಜಾಗ ಕಡಿಮೆ ಇದ್ದವರಿಗೆ ಗಿಫ್ಟೇ ಸರಿಯಾದೀತು.

ಎರಡನೆಯ ಪ್ರಶ್ನೆ ಮತ್ತೆ ಬರುತ್ತಾರಾ ಎನ್ನುವುದು. ತಿಂಗಳಿಗೆ ಎರಡು ಸೋಪು ಬಳಸುವ ಮನೆ ವರ್ಷಕ್ಕೆ ಆರು ಕಟ್ಟು ಕೊಳ್ಳುತ್ತದೆ, ಉಳಿಯುವುದು 1020. ಆ ಮನೆಯನ್ನು ಹಿಡಿಯಲು ಜಾಹೀರಾತಿಗೆ 200 ಹೋದರೂ ಮೊದಲ ಕಟ್ಟಿನಲ್ಲಿ 30 ರೂಪಾಯಿ ಕೈಬಿಡುತ್ತದೆ ಅಷ್ಟೇ, ಎರಡನೆಯದರಿಂದ ಲಾಭ. ಮದುವೆ ಮನೆಯವರು 300 ಸೋಪು ಒಟ್ಟಿಗೆ ಕೊಂಡು 8100 ಉಳಿಸಿಕೊಡುತ್ತಾರೆ, ಸಂತೋಷ, ಆದರೆ ಮುಂದಿನ ಮದುವೆ ಮನೆಯನ್ನು ನೀವೇ ಹುಡುಕಬೇಕು. ಆಷಾಢದಲ್ಲಿ, ಧನುರ್ಮಾಸದಲ್ಲಿ ಫೋನು ಬರುವುದೇ ಕಡಿಮೆ. ಬಂದಾಗ "ಹದಿನೈದು ದಿನದಲ್ಲಿ ಬೇಕು" ಎನ್ನುತ್ತಾರೆ, ಸೋಪು ಒಣಗಲು ನಾಲ್ಕರಿಂದ ಆರು ವಾರ ಬೇಕು. ಹಸಿ ಸೋಪು ಕೊಟ್ಟರೆ ಪೆಟ್ಟಿಗೆಯೊಳಗೆ ಕುಗ್ಗಿ, ಕಾಗದ ಸಡಿಲವಾಗಿ, ಕೊಟ್ಟವರ ಮರ್ಯಾದೆಯೂ ಹೋಗುತ್ತದೆ.

ಹೋಂಸ್ಟೇ ಬಗ್ಗೆ ಹೇಳಲು ಹೆಚ್ಚಿಲ್ಲ. ಮಾರಾಟ ಸ್ಥಿರವಾಗಿ ಕಾಣುತ್ತದೆ, ಆದರೆ ಉದ್ರಿ ಕೊಡಬೇಕು, ಮೂರು ರೂಪಾಯಿಯಲ್ಲಿ ವಸೂಲಿಯ ಫೋನಿನ ಖರ್ಚೂ ಹುಟ್ಟುವುದಿಲ್ಲ.

ಆರಿಸಿದ ಗುಂಪು ಸಾಕಷ್ಟು ದೊಡ್ಡದಿದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಇಂಡಿಯಾದ ಸೋಪು ಮಾರುಕಟ್ಟೆ ಇಷ್ಟು ಸಾವಿರ ಕೋಟಿ, ಅದರಲ್ಲಿ ನಮಗೆ ಸಾವಿರದಲ್ಲೊಂದು ಭಾಗ ಬಂದರೂ ಸಾಕು ಎಂದು ಮೇಲಿನಿಂದ ಇಳಿಯಬೇಡಿ. ಆ ಸಾವಿರದಲ್ಲೊಂದು ಎಲ್ಲಿದೆ ಎಂದು ಯಾರೂ ತೋರಿಸಲಾರರು. ಕೆಳಗಿನಿಂದ ಹತ್ತಿ.

ಮೊದಲು ಬದುಕಲು ಎಷ್ಟು ಬೇಕು ನೋಡಿ. ಸ್ಥಿರ ಖರ್ಚು 25,000ವನ್ನು ಸೋಪಿಗೆ ಉಳಿಯುವ 42.50ರಿಂದ ಭಾಗಿಸಿದರೆ ತಿಂಗಳಿಗೆ 588 ಸೋಪು. ಮನೆಗೆ ಎರಡರಂತೆ ಸುಮಾರು 300 ಮನೆ. ಇನ್ನು ಅವು ಎಲ್ಲಿವೆ ನೋಡಿ. ಬೋರ್‌ವೆಲ್ ನೀರಿನ, ಸಾಫ್ಟ್‌ನರ್ ಇಲ್ಲದ ಒಂದು ಅಪಾರ್ಟ್‌ಮೆಂಟಿನಲ್ಲಿ 150 ಮನೆ. ಮೂರರಲ್ಲಿ ಒಂದು ಮನೆಗೆ ನೀರಿನ ತೊಂದರೆ ದೊಡ್ಡದೆನಿಸಿದೆ ಎಂದರೆ 50. ಅವರಲ್ಲಿ ಐದರಲ್ಲಿ ಒಬ್ಬರು ಸೋಪಿಗೆ ನೂರರ ಮೇಲೆ ಕೊಡುವವರು ಎಂದರೆ 10. ಅಂದರೆ 30 ಅಪಾರ್ಟ್‌ಮೆಂಟ್ ಬೇಕು. ಅಷ್ಟು ಕಟ್ಟಡಗಳ ಹೆಸರನ್ನು ಕಾಗದದ ಮೇಲೆ ಬರೆಯಲು ಸಾಧ್ಯವಾದರೆ ಗುಂಪು ಸಾಕಷ್ಟು ದೊಡ್ಡದು. ಹನ್ನೆರಡಕ್ಕೆ ನಿಂತುಹೋದರೆ ಗುಂಪು ಚಿಕ್ಕದು, ಇಲ್ಲವೇ ಪ್ರದೇಶ ಹಿಗ್ಗಿಸಬೇಕು.

ಈ ಲೆಕ್ಕದಲ್ಲಿ ಮೂರರಲ್ಲಿ ಒಂದು, ಐದರಲ್ಲಿ ಒಂದು ಎನ್ನುವುದು ಊಹೆ. ಊಹೆಯನ್ನು ಒಂದು ಭಾನುವಾರದ ಸ್ಟಾಲಿನಲ್ಲಿ ಪರೀಕ್ಷಿಸಬಹುದು. ಸ್ಟಾಲಿನ ಬಾಡಿಗೆ 2000, ಗಾಡಿ ಖರ್ಚು 500, 120 ರೂಪಾಯಿಯಂತೆ 60 ಸೋಪು ಹೋದರೆ 7200 ಬಂದು, ಸೋಪಿನ 2700 ಕಳೆದು 2000 ಉಳಿಯುತ್ತದೆ. ಅಂದಿನ ಮಾರಾಟದಿಂದ ಹಿಗ್ಗಬೇಡಿ. ಕೊಂಡ 40 ಜನರ ನಂಬರ್ ಬರೆದಿಟ್ಟುಕೊಂಡು ಎಂಟು ವಾರ ಕಾಯಿರಿ. ಹತ್ತು ಮನೆ ತಾವಾಗಿ ಮತ್ತೆ ಕೇಳಿದರೆ ಊಹೆ ನಿಂತಿತು. ಮೂರು ಕೇಳಿದರೆ 30 ಅಪಾರ್ಟ್‌ಮೆಂಟಿನ ಲೆಕ್ಕ 100 ಆಗುತ್ತದೆ, ಅಷ್ಟು ಕಡೆ ಓಡಾಡಲು ಇಬ್ಬರಿಂದ ಆಗದು.

ಮೂರೂ ಗುಂಪಿಗೆ ಮಾರಿದರೆ ಏನು ತಪ್ಪು? ಬಂದ ಆರ್ಡರ್ ಬಿಡೋದಾ?

ಬಂದ ಆರ್ಡರ್ ತೆಗೆದುಕೊಳ್ಳಿ, ಆದರೆ ನಿಮ್ಮ ಹತ್ತಿರ ಇರುವ ಸೋಪನ್ನೇ, ಇರುವ ಅಳತೆಯಲ್ಲೇ, ಮುಂಗಡ ಪಡೆದು ಕೊಡಿ. ತೊಂದರೆ ಶುರುವಾಗುವುದು ಮೂರು ಗುಂಪಿಗೆ ಮೂರು ಅಚ್ಚು, ಮೂರು ಪೆಟ್ಟಿಗೆ, ಮೂರು ಪರಿಮಳ ಎಂದು ದಾಸ್ತಾನು ಹೂಡಿದಾಗ. ಮುದ್ರಣದವರು ಕೆಲವು ನೂರು ಪೆಟ್ಟಿಗೆಗಿಂತ ಕಡಿಮೆಗೆ ಒಪ್ಪುವುದಿಲ್ಲ, ಆ ದುಡ್ಡು ಕಪಾಟಿನಲ್ಲಿ ಕೂರುತ್ತದೆ. ಒಣಗುವ ರ್‍ಯಾಕಿನಲ್ಲಿ ಬೇರೆ ಬೇರೆ ಪರಿಮಳದ ಸೋಪು ಹತ್ತಿರ ಇಟ್ಟರೆ ಒಂದರ ವಾಸನೆ ಇನ್ನೊಂದಕ್ಕೆ ಹತ್ತುತ್ತದೆ.

ಮಗುವಿನ ಸೋಪು, ಎಕ್ಸಿಮಾ ಇರುವವರ ಸೋಪು ಅಂದ್ರೆ ಒಳ್ಳೆ ಬೆಲೆ ಸಿಗುತ್ತೆ. ಅದೇ ಟಾರ್ಗೆಟ್ ಮಾಡಬಹುದಲ್ಲ?

ಅಗತ್ಯ ತೀವ್ರವಾಗಿದೆ, ದುಡ್ಡು ಕೊಡಲು ಜನ ತಯಾರಿದ್ದಾರೆ, ಆದರೂ ಚಿಕ್ಕ ಘಟಕಕ್ಕೆ ಬೇಡ ಎಂದೇ ನಮ್ಮ ಅಭಿಪ್ರಾಯ. ಸ್ನಾನದ ಸೋಪು ಕಾನೂನಿನಲ್ಲಿ ಸೌಂದರ್ಯವರ್ಧಕ. ಮಾರಲು ತಯಾರಿಸಬೇಕಾದರೆ ಕಾಸ್ಮೆಟಿಕ್ಸ್ ನಿಯಮ 2020ರ ಪ್ರಕಾರ ರಾಜ್ಯದ ಪರವಾನಗಿ ಬೇಕು. ಅದೇ ಸೋಪಿನ ಮೇಲೆ "ಎಕ್ಸಿಮಾ ವಾಸಿಮಾಡುತ್ತದೆ" ಎಂದು ಬರೆದರೆ ಅದು ಔಷಧಿಯ ಮಾತಾಗುತ್ತದೆ, ಔಷಧಿಯ ನಿಯಮಗಳೂ ಬರುತ್ತವೆ. ಜೊತೆಗೆ ಸೋಪು ಸಹಜವಾಗಿಯೇ ಕ್ಷಾರ, ಪಿಎಚ್ 9–10ರ ಸುತ್ತ ಇರುತ್ತದೆ. ಕೆರಳಿದ ಚರ್ಮಕ್ಕೆ, ಮಗುವಿನ ಚರ್ಮಕ್ಕೆ ಅದು ಹಿತವೆಂದು ಹೇಳಲು ನಿಮ್ಮಲ್ಲಿ ಪರೀಕ್ಷೆಯ ಆಧಾರ ಇರುವುದಿಲ್ಲ. ಹೇಳಬೇಕಾದ ಮಾತನ್ನು ಹೇಳಲು ಆಗದ ಗುಂಪನ್ನು ಆರಿಸಿ ಪ್ರಯೋಜನವಿಲ್ಲ.

## ಆರಿಸಿದ ಮೇಲೆ

ಗುಂಪು ಗೊತ್ತಾಯ್ತು. ಸೋಪಿನಲ್ಲಿ ಏನು ಬದಲಾಗಬೇಕು, ಲೇಬಲ್ ಬದಲಿಸಿದರೆ ಸಾಲದಾ?

ಗಡಸು ನೀರಿನವರಿಗೆ ಲೇಬಲ್ ಮಾತ್ರ ಬದಲಿಸಿದರೆ ಎರಡನೇ ಕಟ್ಟು ಹೋಗುವುದಿಲ್ಲ. ಪಾಕವೇ ಬದಲಾಗಬೇಕು. ತೆಂಗಿನೆಣ್ಣೆಯ ಸೋಪು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ, ಆದ್ದರಿಂದ ಅದರ ಪಾಲು ಹೆಚ್ಚಿಸಬೇಕು. ಆದರೆ ತೆಂಗಿನೆಣ್ಣೆ ಹೆಚ್ಚಾದಷ್ಟೂ ಸೋಪು ಮೈಯನ್ನು ಒಣಗಿಸುತ್ತದೆ, ಇವರ ದೂರು ಇರುವುದೂ ಅದೇ. ಅದಕ್ಕೆ ಸೋಪಾಗದೆ ಉಳಿಯುವ ಎಣ್ಣೆಯನ್ನು ಸಾಮಾನ್ಯವಾಗಿ ಇಡುವ ಶೇ. 5ರಿಂದ ಶೇ. 12–15ಕ್ಕೆ ಏರಿಸಬೇಕು. ಜಿಡ್ಡು ಕಡಿಮೆ ಮಾಡಲು ಕಿಲೋ ಎಣ್ಣೆಗೆ 10 ಗ್ರಾಂ ಸಿಟ್ರಿಕ್ ಆಮ್ಲ ಹಾಕಬಹುದು. ಅದು ಕಾಸ್ಟಿಕ್ ಸೋಡಾದ ಜೊತೆ ಸೇರಿ ಸೋಡಿಯಂ ಸಿಟ್ರೇಟ್ ಆಗಿ, ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಆ 10 ಗ್ರಾಂ ಸುಮಾರು 6 ಗ್ರಾಂ ಕಾಸ್ಟಿಕ್ ತಿಂದುಹಾಕುವುದರಿಂದ ಅಷ್ಟನ್ನು ಲೆಕ್ಕಕ್ಕಿಂತ ಹೆಚ್ಚು ಹಾಕಬೇಕು, ಮರೆತರೆ ಸೋಪು ಮೆತ್ತಗಾಗುತ್ತದೆ.

ಲೇಬಲ್ ಆಮೇಲೆ. ಎದ್ದು ಕಾಣುವ ಸಾಲು "ಬೋರ್‌ವೆಲ್ ನೀರಿಗೆ" ಎಂದಿರಲಿ. ಲ್ಯಾವೆಂಡರ್ ಹೂವಿನ ಚಿತ್ರ ಇನ್ನೊಂದು ಗುಂಪಿನ ಭಾಷೆ. ತೂಕದ ವಿಷಯದಲ್ಲಿ ಎಚ್ಚರ: ಕೋಲ್ಡ್ ಪ್ರೊಸೆಸ್ ಸೋಪು ಒಣಗುತ್ತ ತೂಕ ಕಳೆದುಕೊಳ್ಳುತ್ತದೆ. ಅಚ್ಚಿನಿಂದ ತೆಗೆದಾಗ 100 ಗ್ರಾಂ ಇತ್ತೆಂದು ಹಾಗೇ ಮುದ್ರಿಸಿದರೆ ಮನೆಗೆ ತಲುಪುವ ಹೊತ್ತಿಗೆ ಕಡಿಮೆ ಇರುತ್ತದೆ, ಅದು ಅಳತೆ ಕಾನೂನಿನ ತಪ್ಪು. ಕತ್ತರಿಸುವಾಗಲೇ 115 ಗ್ರಾಮಿನ ಹತ್ತಿರ ಕತ್ತರಿಸಿ, ಒಣಗಿದ ಮೇಲೆ ತೂಗಿ ನೋಡಿ.

ಇನ್‌ಸ್ಟಾಗ್ರಾಂ ಜಾಹೀರಾತಿನಲ್ಲಿ ಗಡಸು ನೀರಿನವರನ್ನ ಆರಿಸೋ ಆಯ್ಕೆನೇ ಇಲ್ಲ. ಏನು ಮಾಡೋದು?

ಆ ಆಯ್ಕೆ ಬೇಕಿಲ್ಲ. ಸ್ಥಳವನ್ನು ನಕ್ಷೆಯಲ್ಲಿ ಗುರುತು ಹಾಕಿ, ನಿಮ್ಮ ಪಟ್ಟಿಯ ಕಟ್ಟಡಗಳಿರುವ ಕೆಲವೇ ಕಿಲೋಮೀಟರಿಗೆ ಸೀಮಿತಗೊಳಿಸಿ. ವಯಸ್ಸು, ಆಸಕ್ತಿ ಎಂದು ಜರಡಿ ಹಿಡಿಯಬೇಡಿ, ನೋಡುವವರು ಕಡಿಮೆಯಾಗಿ ದರ ಏರುತ್ತದೆ. ಉಳಿದ ಆಯ್ಕೆಯನ್ನು ಚಿತ್ರವೇ ಮಾಡಲಿ: ಬಕೆಟ್ಟಿನ ಬಿಳಿ ಪಟ್ಟೆ, ಕೆಳಗೆ "ನಿಮ್ಮ ಮನೆಯಲ್ಲೂ ಹೀಗಾ?" ಕಾವೇರಿ ನೀರಿನವರು ದಾಟಿಹೋಗುತ್ತಾರೆ, ಬೋರ್‌ವೆಲ್‌ನವರು ನಿಲ್ಲುತ್ತಾರೆ. ಆದರೂ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ತಾವಾಗಿ ಹೇಳುವ ಮಾತಿಗೆ ಈ ಜಾಹೀರಾತು ಸಮವಲ್ಲ.

ತಪ್ಪು ಗುಂಪು ಆರಿಸಿದ್ದೀನಿ ಅಂತ ಯಾವಾಗ, ಹೇಗೆ ತಿಳಿಯುತ್ತೆ?

ಒಟ್ಟು ಮಾರಾಟ ಇದನ್ನು ಹೇಳುವುದಿಲ್ಲ. ಮೊದಲ ಮೂರು ತಿಂಗಳು ಹೊಸಬರು ಬರುತ್ತಲೇ ಇರುತ್ತಾರೆ, ಅಂಕಿ ಏರುತ್ತಲೇ ಇರುತ್ತದೆ. ಒಂದು ಪುಸ್ತಕದಲ್ಲಿ ಮನೆಯ ನಂಬರ್, ನೀರಿನ ಮೂಲ, ಮೊದಲ ಕಟ್ಟಿನ ದಿನಾಂಕ, ಎರಡನೆಯದರ ದಿನಾಂಕ ಇಷ್ಟನ್ನೇ ಬರೆಯಿರಿ. ಎರಡು ತಿಂಗಳಿಗೆ ಮುಗಿಯಬೇಕಾದ ಕಟ್ಟು, ಮೂರು ತಿಂಗಳಾದರೂ ಎರಡನೇ ದಿನಾಂಕದ ಕಾಲಮ್ಮು ಖಾಲಿ ಇದ್ದರೆ ಫೋನ್ ಮಾಡಿ ಕೇಳಿ.

ಉತ್ತರಗಳು ಮೂರು ಬಗೆಯವು, ಮದ್ದೂ ಬೇರೆ ಬೇರೆ. "ಚೆನ್ನಾಗಿತ್ತು, ಆದರೆ ಮಾಮೂಲಿ ಸೋಪೇ ಸಾಕು" ಎಂದರೆ ಅವರಿಗೆ ಆ ತೊಂದರೆ ಇರಲಿಲ್ಲ, ಗುಂಪು ತಪ್ಪು. "ನೊರೆ ಬರಲೇ ಇಲ್ಲ" ಎಂದರೆ ಗುಂಪು ಸರಿ, ಪಾಕ ತಪ್ಪು. "ಬೇಕಿತ್ತು, ಎಲ್ಲಿ ತಗೊಳ್ಳೋದು ಗೊತ್ತಾಗಲಿಲ್ಲ" ಎಂದರೆ ತಲುಪಿಸುವ ದಾರಿ ತಪ್ಪು, ಕಾಗದದ ಮೇಲೆ ವಾಟ್ಸಾಪ್ ನಂಬರ್ ದೊಡ್ಡದಾಗಿ ಹಾಕಿ. ಮೊದಲ ಬಗೆಯ ಉತ್ತರವೇ ಹೆಚ್ಚಿದ್ದರೆ ಮಾತ್ರ ಗುಂಪನ್ನು ಬದಲಿಸುವ ಯೋಚನೆ ಮಾಡಿ. ಅನೇಕರು ಎರಡನೆಯ ಬಗೆಯ ಉತ್ತರ ಕೇಳಿ ಗುಂಪನ್ನೇ ಬಿಟ್ಟುಹೋಗುತ್ತಾರೆ.

ಆ ಪುಸ್ತಕದಲ್ಲಿ ಇನ್ನೊಂದು ವಿಷಯವೂ ಸಿಗುತ್ತದೆ. ಮತ್ತೆ ಕೊಂಡವರಲ್ಲಿ ನಿರೀಕ್ಷಿಸದವರು ಒಟ್ಟಾಗಿ ಕಂಡರೆ, ಉದಾಹರಣೆಗೆ ಕಾವೇರಿ ನೀರಿನ ಮನೆಗಳೇ ಹೆಚ್ಚು ಮರಳಿದ್ದರೆ, ಅವರು ಯಾಕೆ ಕೊಳ್ಳುತ್ತಿದ್ದಾರೆ ಎಂದು ಹೋಗಿ ಕೇಳಬೇಕು.

ಎರಡನೇ ಗುಂಪಿಗೆ ಯಾವಾಗ ಕೈಹಾಕಬಹುದು?

ಮೊದಲ ಗುಂಪಿನ ಖಾಯಂ ಮನೆಗಳಿಂದಲೇ ಸ್ಥಿರ ಖರ್ಚು ಹುಟ್ಟುತ್ತಿರುವಾಗ, ಅಂದರೆ ಈ ಲೆಕ್ಕದಲ್ಲಿ 300 ಮನೆ ದಾಟಿದ ಮೇಲೆ. ಆಗಲೂ 1500ರಲ್ಲಿ ಸುಮಾರು 900 ಸೋಪಿನ ಸಾಮರ್ಥ್ಯ ಖಾಲಿ ಇರುತ್ತದೆ. ಎರಡನೆಯದನ್ನು ಆರಿಸುವಾಗ ಅದೇ ಪಾಕ, ಅದೇ ಅಚ್ಚು ಬಳಸಲು ಆಗುವುದನ್ನು ಮೊದಲು ನೋಡಿ. ಬೋರ್‌ವೆಲ್ ನೀರಿನ ಪಿಜಿ, ಹಾಸ್ಟೆಲಿನಲ್ಲಿರುವವರಿಗೂ ಇದೇ ಸೋಪು ಆಗುತ್ತದೆ, ಆದರೆ ಅವರು ನಾಲ್ಕರ ಕಟ್ಟು ಕೊಳ್ಳುವುದಿಲ್ಲ, ಒಂದೊಂದೇ ಸೋಪಿಗೆ ಕೊರಿಯರ್ ಗಿಟ್ಟುವುದಿಲ್ಲ. ಪಕ್ಕದ ಅಂಗಡಿಯ ಮೂಲಕವೇ ಹೋಗಬೇಕು. 120ರ ಸೋಪಿಗೆ ಅಂಗಡಿಯವರು ಶೇ. 30 ಇಟ್ಟುಕೊಂಡರೆ ನಿಮಗೆ ಬರುವುದು 84, ಉಳಿಯುವುದು 39. ನೇರ ಮಾರಾಟದ 42.50ಕ್ಕೆ ಹತ್ತಿರವೇ ಇದೆ, ಆದರೆ ಯಾರು ಮತ್ತೆ ಕೊಂಡರು ಎಂಬ ಪುಸ್ತಕ ಅಲ್ಲಿ ಇರುವುದಿಲ್ಲ. ಹಾಗಾಗಿ ಎರಡು ಅಂಗಡಿಗೆ ತಲಾ 24 ಸೋಪು ಕೊಟ್ಟು, ಎರಡನೇ ಸಲ ಮಾಲು ತಾವಾಗಿ ಕೇಳಲು ಎಷ್ಟು ದಿನ ಹಿಡಿಯುತ್ತದೆ ಎಂದು ನೋಡಿಕೊಂಡು ಮೂರನೆಯ ಅಂಗಡಿಗೆ ಹೋಗಿ.